ಡೆರಿವೇಟಿವ್ ಇಲ್ಲ, ಆದರೂ ಸ್ಪರ್ಶಕ ಇದೆ: ಮೂಲಬಿಂದುವಿನಲ್ಲಿ ∛x

ಪ್ರಶ್ನೆ: ನಾನು ಸೆಕೆಂಡ್ ಪಿಯು ಸೈನ್ಸ್. ಟೆಸ್ಟ್‌ನಲ್ಲಿ "f(x) = ∛x ಗೆ x = 0 ದಲ್ಲಿ ಸ್ಪರ್ಶಕ ಇದೆಯೇ?" ಅಂತ ಕೇಳಿದ್ದರು. ಅಲ್ಲಿ ಡೆರಿವೇಟಿವ್ ಇಲ್ಲ, ಹಾಗಾಗಿ ಸ್ಪರ್ಶಕವೂ ಇಲ್ಲ ಅಂತ ಬರೆದೆ. ಸೊನ್ನೆ ಬಂತು. ನನ್ನ ಗೆಳತಿ f′(0) = ∞ ಅಂತ ಬರೆದಳು, ಅವಳಿಗೆ ಅರ್ಧ ಮಾರ್ಕ್ಸ್. ಮನೆಗೆ ಬಂದು ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕಿಸಿದರೆ 10000 ಅಂತ ತೋರಿಸಿತು. ಮೂರರಲ್ಲಿ ಯಾವುದು ಸರಿ ಸರ್?

ಉತ್ತರ: ಮೂರೂ ಪೂರ್ತಿ ಸರಿಯಲ್ಲ, ಆದರೆ ಮೂರರಲ್ಲೂ ಒಂದೊಂದು ಚೂರು ನಿಜ ಇದೆ. ಡೆರಿವೇಟಿವ್ ಇಲ್ಲ ಅಂದಿರಲ್ಲ, ಅದು ಸರಿ. "ಹಾಗಾಗಿ ಸ್ಪರ್ಶಕವೂ ಇಲ್ಲ" ಅಂದಾಗ ಜಾರಿದಿರಿ. ಸ್ಪರ್ಶಕ ಇದೆ. ಅದು y-ಅಕ್ಷವೇ, ಅಂದರೆ x = 0 ಎಂಬ ರೇಖೆ. ನಿಮ್ಮ ಗೆಳತಿ ಅನಂತವನ್ನು ನೋಡಿದ್ದು ಸರಿ, ಅದನ್ನು ಒಂದು ಸಂಖ್ಯೆಯ ಹಾಗೆ ಬರೆದದ್ದು ತಪ್ಪು. 10000 ಎಲ್ಲಿಂದ ಬಂತು ಅನ್ನುವುದಕ್ಕೂ ಲೆಕ್ಕ ಇದೆ, ಆಮೇಲೆ ಬರುತ್ತೇನೆ.

ಮೊದಲು ಸ್ಪರ್ಶಕ ಹುಟ್ಟುವ ಜಾಗಕ್ಕೇ ಹೋಗೋಣ. ಗ್ರಾಫಿನ ಮೇಲೆ ಮೂಲಬಿಂದು (0, 0) ಒಂದು. ಅದರ ಪಕ್ಕ (h, ∛h) ಇನ್ನೊಂದು. ಎರಡನ್ನೂ ಸೇರಿಸಿ ರೇಖೆ ಎಳೆದರೆ ಛೇದಕ. ಅದರ ಇಳಿಜಾರು, ಅಂದರೆ ಸ್ಲೋಪ್, ∛h ÷ h. ಎಣಿಸುವುದಕ್ಕೆ ಸುಲಭವಾಗುವ ಬೆಲೆಗಳನ್ನೇ ತೆಗೆದುಕೊಳ್ಳಿ. h = 0.001 ಆದರೆ ಘನಮೂಲ 0.1, ಸ್ಲೋಪ್ 100. h = 0.000001 ಆದರೆ ಘನಮೂಲ 0.01, ಸ್ಲೋಪ್ 10000. h ಅನ್ನು ಸಾವಿರ ಪಟ್ಟು ಚಿಕ್ಕದು ಮಾಡಿದಾಗಲೆಲ್ಲ ಸ್ಲೋಪ್ ನೂರು ಪಟ್ಟು ದೊಡ್ಡದಾಗುತ್ತದೆ. ಎಲ್ಲೂ ನಿಲ್ಲುವುದಿಲ್ಲ.

ಎಡಗಡೆಯಿಂದಲೂ ನೋಡಿ. h = −0.001 ಆದರೆ ಘನಮೂಲ −0.1. ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿದರೆ ಪ್ಲಸ್, ಆದ್ದರಿಂದ ಅಲ್ಲೂ 100. ಎರಡೂ ಕಡೆ ಒಂದೇ ಕಥೆ. ಸೂತ್ರದಲ್ಲಿ ಬರೆದರೆ ಸ್ಲೋಪ್ ಅಂದರೆ 1/h^(2/3). ಈ ಛೇದದಲ್ಲಿ ಒಂದು ವರ್ಗ ಅಡಗಿದೆ, ಹಾಗಾಗಿ h ಯಾವ ಕಡೆಯದಾದರೂ ಅದು ಧನವೇ.

ಈಗ ಅದೇ ಛೇದಕಗಳನ್ನು ಸ್ಲೋಪ್ ಬಿಟ್ಟು ಕೋನದಲ್ಲಿ ಅಳೆಯಿರಿ. ಸ್ಲೋಪ್ 100 ಇರುವ ರೇಖೆ x-ಅಕ್ಷದೊಂದಿಗೆ ಸುಮಾರು 89.43° ಕೋನ ಮಾಡುತ್ತದೆ. ಸ್ಲೋಪ್ 10000 ಇರುವುದು ಸುಮಾರು 89.994°. ಇಲ್ಲಿ ಯಾವುದೂ ಓಡಿಹೋಗುತ್ತಿಲ್ಲ, ನೋಡಿ. ಕೋನ ತಣ್ಣಗೆ 90° ಹತ್ತಿರ ಬಂದು ಕೂರುತ್ತಿದೆ. ರೇಖೆಗಳು ಒಂದು ಗೊತ್ತಾದ ರೇಖೆಯ ಕಡೆಗೇ ತಿರುಗುತ್ತಿವೆ, ಅದು ನೆಟ್ಟಗೆ ನಿಂತ ರೇಖೆ. ಛೇದಕಗಳು ಹೋಗಿ ಸೇರುವ ರೇಖೆಯನ್ನೇ ಅಲ್ವಾ ನಾವು ಸ್ಪರ್ಶಕ ಅನ್ನುವುದು?

ನಿಮ್ಮ ಉತ್ತರ ಜಾರಿದ್ದು ಇಲ್ಲೇ. ಸ್ಪರ್ಶಕ ಒಂದು ರೇಖೆ. ಡೆರಿವೇಟಿವ್ ಆ ರೇಖೆಗೆ ನಾವು ಕೊಡುವ ಒಂದು ಸಂಖ್ಯೆ. ಸಂಖ್ಯೆ ಕೊಡುವ ವಿಧಾನ "ಏರಿದ್ದು ಭಾಗಿಸು ಮುಂದೆ ಹೋದದ್ದು" ಅಂತ. ನೆಟ್ಟಗಿನ ರೇಖೆಯಲ್ಲಿ ಮುಂದೆ ಹೋದದ್ದು ಸೊನ್ನೆ, ಭಾಗಿಸಲು ಬರುವುದಿಲ್ಲ. ಗಾರೆಯವರು ಗೋಡೆಗೆ ಗುಂಡು ಇಳಿಬಿಟ್ಟು ನೋಡುತ್ತಾರೆ. ಆ ದಾರಕ್ಕೆ ಸ್ಲೋಪ್ ಇಲ್ಲ, ಆದರೆ ದಿಕ್ಕು ಇಲ್ಲ ಅಂತ ಯಾರೂ ಹೇಳುವುದಿಲ್ಲ. ಇಲ್ಲಿ ಕೆಟ್ಟಿರುವುದು ನಮ್ಮ ಅಳತೆಗೋಲು, ವಕ್ರರೇಖೆ ನೆಟ್ಟಗೇ ಇದೆ.

ಹಾಗಾದರೆ f′(0) = ∞ ಅಂತ ಬರೆದುಬಿಟ್ಟರೆ ಏನಾಯಿತು? ಇದು ಬರೀ ಮಡಿವಂತಿಕೆ ಅಲ್ಲ. ಡೆರಿವೇಟಿವ್ m ಅಂತ ಒಂದು ಸಂಖ್ಯೆ ಇದೆ ಅಂದರೆ ಅದು ಒಂದು ಮಾತು ಕೊಟ್ಟ ಹಾಗೆ. ಆ ಬಿಂದುವಿನ ಹತ್ತಿರ f(h) ಬದಲು f(0) + mh ಅಂತ ಹಾಕಿಕೊಂಡರೂ ತಪ್ಪು h ಮುಂದೆ ತೀರಾ ಚಿಕ್ಕದಾಗಿರುತ್ತದೆ ಅನ್ನುವ ಮಾತು. ಡೆರಿವೇಟಿವ್ ಬಳಸಿ ಮಾಡುವ ಅಂದಾಜುಗಳೆಲ್ಲ ಈ ಮಾತಿನ ಮೇಲೆ ನಿಂತಿವೆ. ∛x ಗೆ ಯಾವ m ಆ ಮಾತನ್ನು ಉಳಿಸಿಕೊಳ್ಳುತ್ತದೆ? m = 100 ಹಾಕಿ ನೋಡಿ. h = 0.001 ರಲ್ಲಿ ರೇಖೆ, ವಕ್ರರೇಖೆ ಎರಡೂ 0.1 ರಲ್ಲಿ ಸೇರುತ್ತವೆ, ಚೆನ್ನಾಗಿದೆ. h = 0.000001 ಕ್ಕೆ ಬನ್ನಿ. ರೇಖೆ ಹೇಳುವುದು 0.0001, ವಕ್ರರೇಖೆ ಇರುವುದು 0.01 ರಲ್ಲಿ. ನೂರು ಪಟ್ಟು ಮೇಲೆ! m ಹತ್ತು ಲಕ್ಷ ಮಾಡಿದರೂ h = 0.000000001 ಕ್ಕಿಂತ ಒಳಗೆ ಹೋದ ಕೂಡಲೇ ವಕ್ರರೇಖೆ ಮತ್ತೆ ಮೇಲೆ. ಎಷ್ಟು ದೊಡ್ಡ m ತಂದರೂ ಸೊನ್ನೆಯ ಹತ್ತಿರ ಅದು ಸೋಲುತ್ತದೆ. m ಜಾಗದಲ್ಲಿ ∞ ಇಟ್ಟು ಗುಣಿಸಲು ಹೋದರೆ ∞ × 0 ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಅದಕ್ಕೇ "ಲಿಮಿಟ್ +∞ ಕಡೆಗೆ ಹೋಗುತ್ತದೆ, f′(0) ಇಲ್ಲ" ಅಂತ ಬರೆಯುತ್ತೇವೆ. ಮೇಲ್ಮಟ್ಟದ ಕೆಲವು ಪುಸ್ತಕಗಳು "ಅನಂತ ಡೆರಿವೇಟಿವ್" ಅನ್ನುವ ಮಾತನ್ನು ಬಳಸುತ್ತವೆ ನಿಜ. ಅವರೂ ಅಲ್ಲಿ ಫಂಕ್ಷನ್ ಡಿಫರೆನ್ಷಿಯಬಲ್ ಅಂತ ಹೇಳುವುದಿಲ್ಲ. ನಿಮ್ಮ ಗೆಳತಿಯ ಅರ್ಧ ಮಾರ್ಕ್ಸ್ ಹೋದದ್ದು ಆ ಒಂದು ಸಮ ಚಿಹ್ನೆಗೆ.

ಈಗ ನನಗೆ ತುಂಬಾ ಇಷ್ಟವಾದ ಉಪಾಯ. ಗ್ರಾಫ್ ಶೀಟನ್ನು ಪಕ್ಕಕ್ಕೆ ತಿರುಗಿಸಿ. y = ∛x ಅಂದರೂ ಒಂದೇ, x = y³ ಅಂದರೂ ಒಂದೇ, ಗ್ರಾಫ್ ಅದೇ. ಈಗ y ಅನ್ನು ಬದಲಿಸುತ್ತಾ ಹೋದರೆ x ಹೇಗೆ ಬದಲಾಗುತ್ತದೆ ಅಂತ ಕೇಳಿ. dx/dy = 3y². ಮೂಲಬಿಂದುವಿನಲ್ಲಿ ಅದು 0. ಅನಂತ ಎಲ್ಲಿ ಹೋಯಿತು? ಹೋಗಲಿಲ್ಲ, ಸೊನ್ನೆಯ ವೇಷದಲ್ಲಿ ಬಂತು. y ದಿಕ್ಕಿನಲ್ಲಿ ಒಂದು ಚೂರು ಸರಿದರೆ x ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ. ಅಂದರೆ ವಕ್ರರೇಖೆ ಆ ಕ್ಷಣಕ್ಕೆ y-ಅಕ್ಷದ ಮೇಲೇ ಮಲಗಿದೆ. y = x³ ಮೂಲಬಿಂದುವಿನಲ್ಲಿ x-ಅಕ್ಷವನ್ನು ಮುಟ್ಟಿ ಚಪ್ಪಟೆಯಾಗಿ ಹಾಯುವುದು ನಿಮಗೆ ಗೊತ್ತು. ಅದಕ್ಕೆ y = x ಎಂಬ ಕನ್ನಡಿ ಹಿಡಿದರೆ ಕಾಣುವುದೇ ∛x. ಕನ್ನಡಿಯಲ್ಲಿ ಮಲಗಿದ ರೇಖೆ ನಿಲ್ಲುತ್ತದೆ, ಅಷ್ಟೇ. ವೃತ್ತದಲ್ಲೂ ಇದೇ ಉಪಾಯ ನಡೆಯುತ್ತದೆ. x² + y² = 25 ರ ಮೇಲೆ (5, 0) ದಲ್ಲಿ dy/dx = −x/y ಕೈಕೊಡುತ್ತದೆ. dx/dy = −y/x ಮಾತ್ರ ಸಲೀಸಾಗಿ 0 ಕೊಡುತ್ತದೆ. ಅಲ್ಲಿ x = 5 ಸ್ಪರ್ಶಕ ಅನ್ನುವುದನ್ನು ಹತ್ತನೇ ಕ್ಲಾಸಿನಲ್ಲೇ ಸ್ಕೇಲ್ ಇಟ್ಟು ಎಳೆದಿದ್ದೀರಿ, ಆಗ ಯಾರೂ ಡೆರಿವೇಟಿವ್ ಕೇಳಲಿಲ್ಲ.

ಇದು ಕಾಗದದ ಮೇಲಿನ ಆಟ ಮಾತ್ರವೇ ಅನ್ನಿಸಬಹುದು. ಅಲ್ಲ. ಶಂಕುವಿನ ಆಕಾರದ ಪಾತ್ರೆಗೆ ನೀರು ಬಿಡುವ ಲೆಕ್ಕ ಮಾಡಿದ್ದೀರಿ ತಾನೆ? ಚೂಪು ತುದಿ ಕೆಳಗೆ, ಬಾಯಿ ಮೇಲೆ. ಎಲ್ಲಾ ಎತ್ತರದಲ್ಲೂ ನೀರಿನ ಮೇಲ್ಮೈಯ ತ್ರಿಜ್ಯ ಅಲ್ಲಿನ ಎತ್ತರಕ್ಕೆ ಸಮ ಇರುವ ಪಾತ್ರೆ ಅಂದುಕೊಳ್ಳಿ. ನೀರಿನ ಎತ್ತರ h ಸೆಂ.ಮೀ. ಇದ್ದಾಗ ನೀರಿನ ಗಾತ್ರ V = πh³/3. ನಲ್ಲಿಯಿಂದ ಸೆಕೆಂಡಿಗೆ 10 ಮಿ.ಲೀ. ಬೀಳುತ್ತಿದೆ. t ಸೆಕೆಂಡ್ ಆದಮೇಲೆ V = 10t, ಹಾಗಾಗಿ h = ∛(30t/π). ನಮ್ಮ ಘನಮೂಲ ಇಲ್ಲಿ ತಾನಾಗಿ ಬಂದು ಕೂತಿತು.

1 ಸೆಕೆಂಡಿಗೆ ನೀರು ಸುಮಾರು 2.12 ಸೆಂ.ಮೀ. ಏರಿರುತ್ತದೆ. ಅದರ ಎರಡರಷ್ಟು ಏರಲು 8 ಸೆಕೆಂಡ್ ಬೇಕು, ಮೂರರಷ್ಟು ಏರಲು 27. ಹೋಗಹೋಗುತ್ತಾ ನಿಧಾನ. ಈಗ ಹಿಂದಕ್ಕೆ, ತುದಿಯ ಕಡೆಗೆ ಬನ್ನಿ. ನೀರು ಏರುವ ವೇಗ dh/dt = 10/(πh²). h = 1 ಇದ್ದಾಗ ಸೆಕೆಂಡಿಗೆ ಸುಮಾರು 3.2 ಸೆಂ.ಮೀ. h = 0.1 ಇದ್ದಾಗ ಸೆಕೆಂಡಿಗೆ 3 ಮೀಟರ್ ಮೀರಿ. h = 0.01 ಇದ್ದಾಗ ಸೆಕೆಂಡಿಗೆ ಸುಮಾರು 318 ಮೀಟರ್, ಹೆಚ್ಚುಕಮ್ಮಿ ಗಾಳಿಯಲ್ಲಿ ಸದ್ದು ಹೋಗುವ ವೇಗ! ಅಡುಗೆಮನೆಯ ನಲ್ಲಿ ಕೆಳಗೆ ಹೀಗೆ ಆಗುತ್ತಾ? ಆಗಲ್ಲ. ಒಂದು ಹನಿ ನೀರು ಅಂದರೆ ಸುಮಾರು 0.05 ಮಿ.ಲೀ. ಆ ಒಂದೇ ಹನಿ ಈ ಪಾತ್ರೆಯನ್ನು 3.6 ಮಿಲಿಮೀಟರ್ ಎತ್ತರಕ್ಕೆ ತುಂಬುತ್ತದೆ. ಅಂದರೆ ನಮ್ಮ ಸೂತ್ರ ಗಾಬರಿ ಹುಟ್ಟಿಸುವ ಜಾಗವೆಲ್ಲ ಮೊದಲ ಹನಿಯೊಳಗೇ ಮುಳುಗಿಹೋಗಿರುತ್ತದೆ. ನೀರನ್ನು ಎಷ್ಟು ಬೇಕಾದರೂ ಸಣ್ಣ ಚೂರು ಮಾಡಬಹುದು ಅಂತ ಸೂತ್ರ ನಂಬಿದೆ, ಹನಿ ಅದನ್ನು ಒಪ್ಪುವುದಿಲ್ಲ.

ಆದರೂ ಆ ಅನಂತ ಯಾಕೆ ಬಂತು ಅನ್ನುವ ಕಾರಣ ಈ ಪಾತ್ರೆಯಲ್ಲಿ ಕಣ್ಣಿಗೆ ಕಾಣುತ್ತದೆ. dV/dh = πh², ಅದು ನೀರಿನ ಮೇಲ್ಮೈಯ ವಿಸ್ತೀರ್ಣ. ಎತ್ತರವನ್ನು ಒಂದು ಕೂದಲಿನಷ್ಟು ಏರಿಸಲು ಎಷ್ಟು ನೀರು ಬೇಕು ಅನ್ನುವುದನ್ನು ಅದು ಹೇಳುತ್ತದೆ. ತುದಿಯಲ್ಲಿ ವಿಸ್ತೀರ್ಣ ಸೊನ್ನೆ. ಎತ್ತರ ಅಲ್ಲಿ ಪುಕ್ಕಟೆ ಸಿಗುತ್ತಿದೆ! ಅದನ್ನೇ ತಿರುಗಿಸಿ "ಇಷ್ಟು ನೀರಿಗೆ ಎಷ್ಟು ಎತ್ತರ?" ಅಂತ ಕೇಳಿದಾಗ ಅನಂತ ಅನ್ನುವ ಉತ್ತರ ಬರುತ್ತದೆ. ಒಂದು ತಕರಾರು ಮಾತ್ರ ನಾನೇ ಎತ್ತುತ್ತೇನೆ: ಇಲ್ಲಿ t ಸೊನ್ನೆಗಿಂತ ಕಡಿಮೆ ಇಲ್ಲ, ಹಾಗಾಗಿ ಇದು ಒಂದೇ ಕಡೆಯ ಸ್ಪರ್ಶಕ. √x ಗೆ ಮೂಲಬಿಂದುವಿನಲ್ಲಿ ಇರುವುದೂ ಇಂಥದ್ದೇ. ∛x ಎರಡೂ ಕಡೆಗೆ ಹರಡಿದೆ, ಅದೇ ಅದರ ಸೊಗಸು.

ಇನ್ನು ಹುಡುಗರು ಎಡವುವ ಜಾಗಗಳು. ಛೇದಕದ ಸ್ಲೋಪ್ ಅನಂತಕ್ಕೆ ಹೋಯಿತು, ಮುಗಿಯಿತು, ಸ್ಪರ್ಶಕ ನೆಟ್ಟಗಿದೆ ಅಂತ ಸುಮ್ನೆ ಬರೆದುಬಿಡುತ್ತಾರೆ. ಈ ಫಂಕ್ಷನ್ ನೋಡಿ: x ಧನ ಆದರೆ 1, ಋಣ ಆದರೆ −1, x = 0 ದಲ್ಲಿ 0. ಮೂಲಬಿಂದುವಿನಿಂದ ಛೇದಕ ಎಳೆದರೆ ಸ್ಲೋಪ್ 1/|h|. ಎರಡೂ ಕಡೆಯಿಂದ +∞, ಥೇಟ್ ∛x ಥರ. ಆದರೆ ಗ್ರಾಫ್ ಹೇಗಿದೆ? ಮೇಲೆ ಒಂದು ಅಡ್ಡಗೆರೆ, ಕೆಳಗೆ ಒಂದು ಅಡ್ಡಗೆರೆ, ನಡುವೆ ಒಂಟಿ ಚುಕ್ಕಿ. ಆ ಚುಕ್ಕಿಗೆ ಏನನ್ನು ಮುಟ್ಟಿಸುತ್ತೀರಿ? ಛೇದಕದ ಇನ್ನೊಂದು ತುದಿ ಮೂಲಬಿಂದುವಿನ ಹತ್ತಿರ ಬರಲೇ ಇಲ್ಲ, ಅದು ಒಂದು ಮಾರು ಮೇಲೆ ನೇತಾಡುತ್ತಿದೆ. ಅದಕ್ಕೇ ವ್ಯಾಖ್ಯೆಯಲ್ಲಿ ಎರಡು ಷರತ್ತು ಬೇಕು: ಫಂಕ್ಷನ್ ಆ ಬಿಂದುವಿನಲ್ಲಿ ಕಂಟಿನ್ಯೂಯಸ್ ಇರಬೇಕು, ಮತ್ತು ಛೇದಕದ ಸ್ಲೋಪ್ ಅನಂತಕ್ಕೆ ಹೋಗಬೇಕು. ಡೆರಿವೇಟಿವ್ ಒಂದು ಸಂಖ್ಯೆಯಾಗಿ ಸಿಕ್ಕರೆ ಕಂಟಿನ್ಯೂಯಿಟಿ ತಾನಾಗಿ ಬರುತ್ತದೆ ಅಂತ ನೀವು ಸಾಧಿಸಿದ್ದೀರಿ. ಅನಂತ ಸಿಕ್ಕಾಗ ಆ ಸಾಧನೆ ಕೆಲಸ ಮಾಡುವುದಿಲ್ಲ. ಬೇರೆಯಾಗಿ ನೋಡಿಕೊಳ್ಳಬೇಕು.

ಇನ್ನೊಂದು ನೆಂಟ x^(2/3), ಅಂದರೆ ∛x ನ ವರ್ಗ. ಇದರ ಛೇದಕದ ಸ್ಲೋಪ್ 1/∛h. ಬಲಗಡೆ +∞, ಎಡಗಡೆ −∞. ಗ್ರಾಫ್ ಮೇಲಿನಿಂದ ಇಳಿದು ಬಂದು, ಮೂಲಬಿಂದುವಿನಲ್ಲಿ ಮುಳ್ಳಿನ ಹಾಗೆ ಚೂಪಾಗಿ, ಮತ್ತೆ ಮೇಲಕ್ಕೇ ಹೋಗುತ್ತದೆ. ಇದನ್ನು ಕಸ್ಪ್ ಅನ್ನುತ್ತಾರೆ. ತಮಾಷೆ ಏನೆಂದರೆ ಸಂಖ್ಯೆಗಳಾಗಿ +∞ ಮತ್ತು −∞ ಎರಡು ತುದಿಗಳು, ರೇಖೆಗಳಾಗಿ ಅವು ಒಂದೇ. ಸ್ಲೋಪ್ ಹತ್ತು ಸಾವಿರ ಇರುವ ರೇಖೆಯೂ ಮೈನಸ್ ಹತ್ತು ಸಾವಿರ ಇರುವ ರೇಖೆಯೂ ಹೆಚ್ಚುಕಮ್ಮಿ ನೆಟ್ಟಗೇ ನಿಂತಿರುತ್ತವೆ. ಹಾಗಾಗಿ ಕೆಲವು ಪುಸ್ತಕಗಳು ಇಲ್ಲೂ ನೆಟ್ಟಗಿನ ಸ್ಪರ್ಶಕ ಇದೆ ಅನ್ನುತ್ತವೆ, ಕೆಲವು ಇದನ್ನು ಕಸ್ಪ್ ಅಂತ ಬೇರೆ ಇಡುತ್ತವೆ. ಯಾರ ಹತ್ತಿರ ಪರೀಕ್ಷೆ ಬರೆಯುತ್ತೀರೋ ಅವರ ವ್ಯಾಖ್ಯೆ ಕೇಳಿಕೊಳ್ಳಿ. ∛x ವಿಷಯದಲ್ಲಿ ಮಾತ್ರ ಈ ಜಗಳವಿಲ್ಲ, ಅದಕ್ಕೆ ಎಲ್ಲರದ್ದೂ ಒಪ್ಪಿಗೆ.

ಕಸ್ಪ್ ಬಂದಾಗ ಇನ್ನೊಂದು ಮಾತು ನೆನಪಾಗುತ್ತದೆ. x^(2/3) ನ ಕನಿಷ್ಠ ಬೆಲೆ ಇರುವುದು ಆ ಮುಳ್ಳಿನ ತುದಿಯಲ್ಲೇ. f′ = 0 ಅಂತ ಹಾಕಿ ಹುಡುಕಿದರೆ ಅದು ಸಿಗುವುದಿಲ್ಲ. 1696ರಲ್ಲಿ ಕ್ಯಾಲ್ಕುಲಸ್‌ಗೆ ಪಠ್ಯಪುಸ್ತಕ ಬರೆದ ಲೊಪಿತಾಲ್, ನಿಮ್ಮ ಲಿಮಿಟ್ ನಿಯಮಕ್ಕೆ ಹೆಸರು ಬಂದದ್ದು ಅವರಿಂದಲೇ, ಗರಿಷ್ಠ ಕನಿಷ್ಠ ಹುಡುಕುವಾಗ ಸ್ಲೋಪ್ ಸೊನ್ನೆ ಆಗುವ ಜಾಗದ ಜೊತೆಗೆ ಅನಂತ ಆಗುವ ಜಾಗವನ್ನೂ ನೋಡಬೇಕು ಅಂತ ಆಗಲೇ ಹೇಳಿದ್ದರು. ನಮ್ಮ ಉತ್ತರ ಪತ್ರಿಕೆಗಳಲ್ಲಿ ಆ ಎರಡನೇ ಅರ್ಧ ಈಗಲೂ ಕಾಣೆ.

ಸೂತ್ರದ ಮೋಸ ಇನ್ನೂ ಜಾಸ್ತಿ. ∛x ನ ಡೆರಿವೇಟಿವ್ 1/(3x^(2/3)), x = 0 ಹಾಕಿದರೆ ಛೇದ ಸೊನ್ನೆ, ಆದ್ದರಿಂದ ಡೆರಿವೇಟಿವ್ ಇಲ್ಲ. ಹೀಗೆ ಬರೆಯುವವರೇ ಹೆಚ್ಚು. ಇಲ್ಲಿ ಉತ್ತರ ಸರಿ ಬಂತು, ಆದರೆ ದಾರಿ ಸರಿಯಿಲ್ಲ. ಅದೇ ದಾರಿಯಲ್ಲಿ g(x) = ∛x · sin x ಮಾಡಿ ನೋಡಿ. ಗುಣಾಕಾರದ ನಿಯಮ ಹಾಕಿದರೆ ಒಂದು ಪದದ ಛೇದದಲ್ಲಿ ಮತ್ತೆ x^(2/3) ಬರುತ್ತದೆ. ಸೊನ್ನೆ ಹಾಕಿದರೆ ಸೂತ್ರ ಮುರಿಯುತ್ತದೆ. ಡೆರಿವೇಟಿವ್ ಇಲ್ಲ ಅಂತ ಬರೆಯುತ್ತೀರಾ? ಬರೆಯಬೇಡಿ. ವ್ಯಾಖ್ಯೆಯಿಂದ ಹೋದರೆ ಛೇದಕದ ಸ್ಲೋಪ್ ∛h · (sin h)/h. ಎರಡನೇ ಭಾಗ 1 ಕ್ಕೆ ಹೋಗುತ್ತದೆ, ಮೊದಲನೆಯದು 0 ಕ್ಕೆ. g′(0) = 0, ಅಲ್ಲಿ ಸ್ಪರ್ಶಕ ಮಲಗಿಕೊಂಡಿದೆ! ಗುಣಾಕಾರದ ನಿಯಮಕ್ಕೆ ಎರಡೂ ಭಾಗ ಡಿಫರೆನ್ಷಿಯಬಲ್ ಇರಬೇಕಿತ್ತು, ∛x ಸೊನ್ನೆಯಲ್ಲಿ ಹಾಗಿಲ್ಲ. ನಿಯಮ ಅಲ್ಲಿಗೆ ಅನ್ವಯಿಸುವುದೇ ಇಲ್ಲ. ಅನುಮಾನದ ಬಿಂದುವಿನಲ್ಲಿ ಸೂತ್ರ ಬಿಟ್ಟು ಛೇದಕಕ್ಕೆ ಹಿಂತಿರುಗಿ, ನೀವು ಅಲ್ಲಿಂದಲೇ ತಾನೆ ಶುರು ಮಾಡಿದ್ದು.

ಈಗ ಲ್ಯಾಪ್‌ಟಾಪ್‌ನ 10000. ಕಂಪ್ಯೂಟರ್ ಲಿಮಿಟ್ ತೆಗೆದುಕೊಳ್ಳಲಿಲ್ಲ. ಒಂದು ಚಿಕ್ಕ h ಇಟ್ಟುಕೊಂಡು ಸೊನ್ನೆಯ ಎರಡೂ ಪಕ್ಕದ ಬೆಲೆಗಳಿಂದ ಛೇದಕ ಎಳೆದು ಅದರ ಸ್ಲೋಪ್ ಹೇಳಿತು, ಅಷ್ಟೇ. h = 0.000001 ಆದಾಗ ಸ್ಲೋಪ್ 10000 ಅಂತ ನಾವು ಮೇಲೆ ಕೈಯಲ್ಲೇ ಎಣಿಸಿದ್ದೆವು. ನಿಮ್ಮ ಅಣ್ಣನ ಪ್ರೋಗ್ರಾಂ ಅದೇ h ಇಟ್ಟುಕೊಂಡಿರಬೇಕು. ನಿಜವೋ ಅಲ್ಲವೋ ನೋಡಲು h ಬದಲಿಸಿ:

```python
from math import cbrt
for h in (1e-3, 1e-6, 1e-9):
    print(h, (cbrt(h) - cbrt(-h)) / (2*h))
```

ಉತ್ತರ ಸುಮಾರು 100, 10000, 1000000 ಅಂತ ಬರುತ್ತದೆ. ನಿಜವಾಗಿ ಡೆರಿವೇಟಿವ್ ಇದ್ದಿದ್ದರೆ ಮೂರೂ ಸಲ ಹತ್ತಿರ ಹತ್ತಿರದ ಒಂದೇ ಸಂಖ್ಯೆ ಬರುತ್ತಿತ್ತು. ಹೀಗೆ ಬೆಳೆಯುತ್ತಾ ಹೋದರೆ ಅನುಮಾನ ಪಡಿ. ಅದು ಬೆಳೆಯುವ ಲೆಕ್ಕವೂ ಸುಳಿವು ಕೊಡುತ್ತದೆ. h ಸಾವಿರ ಪಟ್ಟು ಚಿಕ್ಕದಾದಾಗ ಸ್ಲೋಪ್ ನೂರು ಪಟ್ಟು ಬೆಳೆದರೆ ಅಲ್ಲಿ ಘನಮೂಲ ಇದೆ. √x ಗೆ ಸೊನ್ನೆಯಿಂದ ಬಲಕ್ಕೆ ಛೇದಕ ಎಳೆದಿದ್ದರೆ h ನೂರು ಪಟ್ಟು ಚಿಕ್ಕದಾದಾಗ ಸ್ಲೋಪ್ ಹತ್ತು ಪಟ್ಟು ಬೆಳೆಯುತ್ತಿತ್ತು. ಈ cbrt ಪೈಥಾನ್ 3.11 ರಿಂದ ಈಚೆಗೆ ಇದೆ. ಹಳೆಯದರಲ್ಲಿ ಎರರ್ ಬಂದರೆ ಅದಕ್ಕೆ ಕಾರಣ ಇದು. ಅದರ ಬದಲು `(-8)**(1/3)` ಅಂತ ಹಾಕಬೇಡಿ. −2 ಬರುವುದಿಲ್ಲ, ಒಂದು ಕಾಂಪ್ಲೆಕ್ಸ್ ಸಂಖ್ಯೆ ಬರುತ್ತದೆ. ಕೆಲವು ಗ್ರಾಫ್ ಸಾಫ್ಟ್‌ವೇರ್‌ಗಳಲ್ಲಿ x^(1/3) ಹಾಕಿದರೆ ಬಲಗಡೆಯ ಅರ್ಧ ಮಾತ್ರ ಕಾಣುವುದೂ ಇದೇ ಕಾರಣಕ್ಕೆ. ಎಡ ಅರ್ಧ ಕಾಣದಿದ್ದರೆ ಅದು ಗಣಿತದ ತಪ್ಪಲ್ಲ.

ಗ್ರಾಫ್ ಹಾಕಿದ ಮೇಲೆ ಮೂಲಬಿಂದುವಿನಲ್ಲಿ ಜೂಮ್ ಮಾಡಿ ನೋಡಿ. ಎರಡೂ ಅಕ್ಷ ಒಂದೇ ಪ್ರಮಾಣದಲ್ಲಿರಲಿ. ಎರಡೂ −0.001 ರಿಂದ 0.001 ವರೆಗೆ ಬಂದಾಗ, ವಕ್ರರೇಖೆ x = 0.000000001 ರಲ್ಲೇ ತೆರೆಯ ಮೇಲಂಚು ಮುಟ್ಟಿ ಹೊರಗೆ ಹೋಗಿರುತ್ತದೆ. ತೆರೆ ಸಾವಿರ ಪಿಕ್ಸೆಲ್ ಅಗಲ ಇದ್ದರೆ ಒಂದು ಪಿಕ್ಸೆಲ್ ಅಂದರೆ 0.000002. ವಕ್ರರೇಖೆಯ ಬಾಗು ಒಂದು ಪಿಕ್ಸೆಲ್‌ನ ಸಾವಿರದ ಒಂದು ಪಾಲಿನೊಳಗೇ ಮುಗಿದಿದೆ. ನಿಮಗೆ ಕಾಣುವುದು ಒಂದು ನೆಟ್ಟಗಿನ ಗೆರೆ, ಅದೂ y-ಅಕ್ಷದ ಮೇಲೇ.

ಈ ಕಡಿದಾದ ಜಾಗ ಲೆಕ್ಕ ಮಾಡುವವರಿಗೆ ಕೊಡುವ ಒಂದು ಕಾಟವನ್ನೂ ಹೇಳಿಬಿಡುತ್ತೇನೆ. ಸಮೀಕರಣದ ಮೂಲ ಹುಡುಕಲು ನ್ಯೂಟನ್ ವಿಧಾನ ಅಂತ ಒಂದಿದೆ. ಒಂದು ಅಂದಾಜಿನಲ್ಲಿ ನಿಂತು ಸ್ಪರ್ಶಕ ಎಳೆದು, ಅದು x-ಅಕ್ಷವನ್ನು ಎಲ್ಲಿ ದಾಟುತ್ತದೋ ಅದನ್ನು ಹೊಸ ಅಂದಾಜು ಮಾಡಿಕೊಳ್ಳುವುದು. ∛x = 0 ಗೆ ಇದನ್ನು ಹಚ್ಚಿದರೆ ಹೊಸ ಅಂದಾಜು x − 3x, ಅಂದರೆ −2x. 0.1 ರಿಂದ ಹೊರಟರೆ −0.2, ಆಮೇಲೆ 0.4, ಆಮೇಲೆ −0.8. ಉತ್ತರ ಸೊನ್ನೆ ಅಂತ ಕಣ್ಣೆದುರೇ ಇದೆ, ವಿಧಾನ ಮಾತ್ರ ಪ್ರತಿ ಹೆಜ್ಜೆಗೂ ಎರಡು ಪಟ್ಟು ದೂರ ಓಡುತ್ತದೆ. ಎಷ್ಟು ಹತ್ತಿರದಿಂದ ಹೊರಟರೂ ಅಷ್ಟೇ.

ಇನ್ನು ನಿಮ್ಮ ಉತ್ತರ ಪತ್ರಿಕೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. f(x) = ∛x ಮೂಲಬಿಂದುವಿನಲ್ಲಿ ಕಂಟಿನ್ಯೂಯಸ್, ಏಕೆಂದರೆ h ಸೊನ್ನೆಗೆ ಹೋದಾಗ ∛h ಕೂಡ f(0) = 0 ಗೆ ಹೋಗುತ್ತದೆ. [f(h) − f(0)]/h = 1/h^(2/3), ಇದು h ಎರಡೂ ಕಡೆಯಿಂದ ಸೊನ್ನೆಗೆ ಹೋದಾಗ +∞ ಗೆ ಹೋಗುತ್ತದೆ. ಆದ್ದರಿಂದ f′(0) ಇಲ್ಲ, ಆದರೆ (0, 0) ದಲ್ಲಿ ಸ್ಪರ್ಶಕ ಇದೆ, ಅದು x = 0. y − y₁ = m(x − x₁) ಸೂತ್ರ ಬರೆಯಲು ಹೋಗಬೇಡಿ, ಹಾಕಲು m ಇಲ್ಲ. ಲಂಬರೇಖೆ, ಅಂದರೆ ನಾರ್ಮಲ್, ಕೇಳಿದರೆ ಅದು y = 0. ಅದಕ್ಕೆ ಸ್ಲೋಪ್ ಇದೆ, ಸೊನ್ನೆ.